ಗುರುತು ಹಾಕದ ಹತ್ತು ಸಾಲು

ಪಾಲಿಟೆಕ್ನಿಕ್ಕಿನ ಮೆಟ್ಟಿಲ ಕೆಳಗೆ ಒಂದು ಕೋಣೆ. ಒಂದು ಮೇಜು, ಒಂದು ಕಂಪ್ಯೂಟರು, ಎರಡು ಕುರ್ಚಿ, ಬಾಗಿಲು ತೆರೆದರೆ ಗೋಡೆಗೆ ತಾಗಿ ಸದ್ದು ಮಾಡುವ ಒಂದು ಕಬ್ಬಿಣದ ಬೀರು. ಅಲ್ಲಿ ಕೂತು ಕೆಲಸ ಮಾಡುವವಳನ್ನು ಹುಡುಗರು, ಮೇಷ್ಟ್ರುಗಳು, ಕಸ ಗುಡಿಸುವ ಅಜ್ಜಿ ಎಲ್ಲರೂ ಟಿಪ್ಪಣಿ ಅಕ್ಕ ಎಂದೇ ಕರೆಯುತ್ತಿದ್ದರು. ತಲೆಯ ಮೇಲೆ ದಡದಡ ಸದ್ದಾದರೆ ಗಂಟೆ ಹೊಡೆಯಿತು ಎಂದು ಅರ್ಥ. ಸದ್ದಿಲ್ಲದಿದ್ದರೆ ಮೇಲೆ ಪಾಠ ನಡೆಯುತ್ತಿದೆ.

ಅವಳ ಕೆಲಸ ಹೇಳುವುದಕ್ಕೆ ಸುಲಭ. ಮೇಷ್ಟ್ರುಗಳ ಕೊರಳಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ರೆಕಾರ್ಡರು ನೇತಾಡುತ್ತದೆ. ಪಾಠ ಮುಗಿದ ಮೇಲೆ ಆ ಧ್ವನಿಯನ್ನು ಕಂಪ್ಯೂಟರಿಗೆ ಕೊಟ್ಟರೆ ಅದು ಮೇಷ್ಟ್ರ ಮಾತನ್ನೆಲ್ಲ ಅಕ್ಷರಕ್ಕಿಳಿಸುತ್ತದೆ. ಕೆಮ್ಮು, 'ಏಯ್ ಹಿಂದಿನ ಬೆಂಚು', 'ಎಲ್ಲಿದ್ದೆ ನಾನು', ಏನನ್ನೂ ಬಿಡುವುದಿಲ್ಲ. ಇಪ್ಪತ್ತು ಪುಟದ ಆ ಬರಹವನ್ನು ಅವಳು ನಾಲ್ಕು ಪುಟದ ಟಿಪ್ಪಣಿ ಮಾಡಬೇಕು. ಪುಟಕ್ಕೆ ಮೂರು ಅಂಕಣ. ಎಡಗಡೆ ಸಮಯ: ಆ ಮಾತು ರೆಕಾರ್ಡಿಂಗಿನ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡಿನಲ್ಲಿ ಬರುತ್ತದೆ ಎಂಬುದು. ನಡುವೆ ವಿಷಯ, ಮುಖ್ಯ ಪದಗಳು ಮೊದಲ ಸಲ ಬಂದಾಗ ದಪ್ಪಕ್ಷರದಲ್ಲಿ, ಪಕ್ಕದಲ್ಲೇ ಒಂದು ಸಾಲಿನ ಅರ್ಥ. ಬಲಗಡೆಯ ಮೂರನೇ ಅಂಕಣದ ತಲೆಯಲ್ಲಿ 'ವಿಚಾರಿಸಬೇಕು' ಎಂದು ಬರೆದಿತ್ತು. ಸ್ಪಷ್ಟವಾಗದ್ದು, ಬೋರ್ಡಿನ ಮೇಲೆ ಬರೆದು ಬಾಯಲ್ಲಿ ಹೇಳದೆ ಬಿಟ್ಟದ್ದು, ಹಿಂದೆ ಹೇಳಿದ್ದಕ್ಕೂ ಈಗ ಹೇಳಿದ್ದಕ್ಕೂ ಹೊಂದದ್ದು, ಎಲ್ಲಕ್ಕೂ ಅಲ್ಲಿ ಗುರುತು ಬೀಳಬೇಕು.

ಈ ಟಿಪ್ಪಣಿಗಳನ್ನು ಎಷ್ಟೋ ಹುಡುಗರು ಪರೀಕ್ಷೆಯ ಹಿಂದಿನ ದಿನ ಒಯ್ಯುತ್ತಿದ್ದರು. ಆದರೆ ಅವನ್ನೇ ನಂಬಿಕೊಂಡಿದ್ದವಳು ಒಬ್ಬಳೇ: ಸಿವಿಲ್ ಎರಡನೇ ವರ್ಷದ ಗುಬ್ಬಿ. ಸಣ್ಣ ಆಳು, ಚುರುಕು ಕಣ್ಣು, ಮಾತು ಮಾತ್ರ ಬೇಕಾದ್ದಕ್ಕಿಂತ ಒಂದು ಪಟ್ಟು ಜೋರು. ಆರನೇ ವಯಸ್ಸಿನಲ್ಲಿ ಬಂದ ಜ್ವರ ಎರಡೂ ಕಿವಿಯ ಮುಕ್ಕಾಲು ಪಾಲನ್ನು ಕೊಂಡೊಯ್ದಿತ್ತು. ಎದುರಿಗಿದ್ದವರ ತುಟಿ ನೋಡಿ ಅರ್ಧ, ಕಿವಿಯ ಯಂತ್ರದಿಂದ ಅರ್ಧ ತಿಳಿದುಕೊಳ್ಳುತ್ತಿದ್ದಳು. ತಾಪತ್ರಯವೆಂದರೆ ಸರ್ವೆ ಮೇಷ್ಟ್ರು ಬೋರ್ಡಿಗೆ ಮುಖ ಮಾಡಿ ಪಾಠ ಹೇಳುವವರು. "ಅವರ ಬೆನ್ನಿನ ಬಗ್ಗೆ ಪರೀಕ್ಷೆ ಇಟ್ರೆ ನಂಗೇ ಫಸ್ಟ್ ಬರೋದು ಅಕ್ಕಾ" ಎನ್ನುತ್ತಿದ್ದಳು ಗುಬ್ಬಿ. ಅದಕ್ಕೇ ಅವಳಿಗೆ ಎಡಗಡೆಯ ಸಮಯ ಬೇಕು. ಮೆಟ್ಟಿಲ ಕೆಳಗಿನ ಕೋಣೆಗೆ ಬಂದು, ಫೋನನ್ನು ಕಿವಿಯ ಯಂತ್ರಕ್ಕೆ ಜೋಡಿಸಿಕೊಂಡು, ಬೇಕಾದ ಹತ್ತು ಸೆಕೆಂಡನ್ನು ಹತ್ತು ಸಲ ಕೇಳುತ್ತಿದ್ದಳು.

ಹೋದ ವರ್ಷ ಸರ್ವೆಯಲ್ಲಿ ಗುಬ್ಬಿ ನಾಲ್ಕು ಅಂಕದಲ್ಲಿ ಫೇಲಾಗಿದ್ದಳು. ಬರುವ ಬುಧವಾರ ಮರುಪರೀಕ್ಷೆ, ಬೆಳಿಗ್ಗೆ ಬರವಣಿಗೆ, ಮಧ್ಯಾಹ್ನ ಮೈದಾನದಲ್ಲಿ ಪ್ರಾಯೋಗಿಕ. ಅದೂ ಕೈಕೊಟ್ಟರೆ ಮೂರನೇ ವರ್ಷಕ್ಕೆ ಹೋಗುವಂತಿಲ್ಲ. ನೀರು ಸರಬರಾಜು ಇಲಾಖೆಯಲ್ಲಿ ಅವಳಿಗೆಂದು ಇಟ್ಟಿದ್ದ ತರಬೇತಿ ಜಾಗವೂ ಬೇರೆಯವರ ಪಾಲಾಗುತ್ತದೆ.

ಶುಕ್ರವಾರ ಟಿಪ್ಪಣಿ ಅಕ್ಕ ಈ ವರ್ಷದ ಹನ್ನೊಂದನೇ ಪಾಠ ಹಿಡಿದು ಕೂತಿದ್ದಳು. ಎತ್ತರ ಅಳೆಯುವ ಪಾಠ. ನೆಲದ ಮೇಲೆ ಸ್ಟಾಫ್ ಎಂಬ ಉದ್ದನೆಯ ಅಳತೆಕೋಲು ನಿಲ್ಲಿಸಿ, ಲೆವೆಲ್ ಯಂತ್ರದ ದುರ್ಬೀನಿನಲ್ಲಿ ನೋಡಿ, ಕಂಡ ಅಂಕಿಯನ್ನು ಯಂತ್ರದ ಎತ್ತರದಿಂದ ಕಳೆದರೆ ಆ ಜಾಗದ ಎತ್ತರ ಸಿಗುತ್ತದೆ. ಮೂವತ್ಮೂರನೇ ನಿಮಿಷದಲ್ಲಿ ಮೇಷ್ಟ್ರು, "ಈಗ ನೆಲ ಅಲ್ಲ, ಮೇಲಿನ ತೊಲೆಯ ಎತ್ತರ ಬೇಕು. ಸ್ಟಾಫನ್ನ ತಲೆಕೆಳಗು ಮಾಡಿ ಅದರ ಬುಡ ತೊಲೆಗೆ ಮುಟ್ಟಿಸಿ. ಆಗ ಬಂದ ಅಂಕಿಗೆ ಮೈನಸ್. ಮೈನಸ್ಸನ್ನ ಕಳೆದ್ರೆ ಪ್ಲಸ್ಸು, ಅಂದ್ರೆ ಯಂತ್ರದ ಎತ್ತರಕ್ಕೆ ಕೂಡಿಸ್ತೀರಿ" ಎಂದರು.

ಅವಳ ಬೆರಳು ಕೀಲಿಯ ಮೇಲೆ ನಿಂತಿತು. ಕೂಡಿಸಬೇಕೇ? ಹೋದ ವರ್ಷ ಬೇರೆ ಏನೋ ಬರೆದ ನೆನಪು. ಹಳೆಯ ಟಿಪ್ಪಣಿ ತೆರೆದಳು. 'ಸ್ಟಾಫನ್ನು ತಲೆಕೆಳಗಾಗಿ ಹಿಡಿದಾಗ ಅಂಕಿಯನ್ನು ಎಂದಿನಂತೆ ಬರೆದು ಯಂತ್ರದ ಎತ್ತರದಿಂದ ಕಳೆಯಬೇಕು.' ಅಚ್ಚುಕಟ್ಟಾದ ವಾಕ್ಯ. ಮೂರನೇ ಅಂಕಣ ಖಾಲಿ. ಹಳೆಯ ರೆಕಾರ್ಡಿಂಗನ್ನು ಅದೇ ಜಾಗಕ್ಕೆ ತಂದು ಕೇಳಿದಳು. "ಸ್ಟಾಫ್ ತಲೆಕೆಳಗು. ಬುಡ ತೊಲೆಗೆ. ಇದನ್ನ ಹೀಗೆ ಬರೀಬೇಕು." ಆಮೇಲೆ ಸೀಮೆಸುಣ್ಣದ ಒಂದೇ ಒಂದು ಸದ್ದು. ಅಷ್ಟೇ. ಬೋರ್ಡಿನ ಮೇಲೆ ಮೈನಸ್ಸಿನ ಒಂದು ಅಡ್ಡಗೆರೆ ಎಳೆದಿದ್ದರು, ಬಾಯಿಬಿಟ್ಟು ಹೇಳಿರಲಿಲ್ಲ. 'ಹೀಗೆ' ಎಂದರೆ ಹೇಗೆ ಎಂದು ಕೇಳುವ ಬದಲು ಅವಳೇ ತುಂಬಿಸಿದ್ದಳು.

ಯಾಕೆ ತುಂಬಿಸಿದ್ದಳೆಂಬುದೂ ನೆನಪಾಯಿತು. ಕೆಲಸಕ್ಕೆ ಸೇರಿದ ಹೊಸತು. ಒಂದು ಸಲ ಧೈರ್ಯ ಮಾಡಿ ಸರ್ವೆ ಮೇಷ್ಟ್ರನ್ನು ಕಾರಿಡಾರಿನಲ್ಲಿ ತಡೆದು ಏನೋ ಕೇಳಿದ್ದಕ್ಕೆ ಅವರು ನಡೆಯುತ್ತಲೇ, "ಕ್ಲಾಸಲ್ಲಿ ಹೇಳಿದೀನಲ್ಲಮ್ಮ" ಎಂದು ಹೋಗಿಬಿಟ್ಟಿದ್ದರು. ಅಂದಿನಿಂದ ಮೂರನೇ ಅಂಕಣದಲ್ಲಿ ಗುರುತು ಹೆಚ್ಚಾದಷ್ಟೂ ತನಗೆ ಕೆಲಸ ಬರುವುದಿಲ್ಲವೆಂದು ಜನ ತಿಳಿಯುತ್ತಾರೆಂಬ ಅಳುಕು. ಖಾಲಿ ಅಂಕಣ ನೋಡಿದರೆ ತೊಳೆದಿಟ್ಟ ಪಾತ್ರೆ ನೋಡಿದಷ್ಟು ಸಮಾಧಾನ. ಈ ವರ್ಷ ಮಾತ್ರ ಅವಳು ಧಾರಾಳವಾಗಿ ಗುರುತು ಹಾಕುತ್ತಿದ್ದಳು. ಅದಕ್ಕೂ ಕಾರಣ ಗುಬ್ಬಿಯೇ. ಜೂನಿನಲ್ಲಿ ಬಂದವಳು, "ಅಕ್ಕಾ, ಗೊತ್ತಾಗದೇ ಇದ್ದಿದ್ದನ್ನ ಗೊತ್ತಾಗಲಿಲ್ಲ ಅಂತ್ಲೇ ಬರೀರಿ. ನಂಗೆ ಅದೇ ಅನುಕೂಲ" ಎಂದಿದ್ದಳು. ಯಾಕೆಂದು ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ.

ಗುಬ್ಬಿ ತಂದುಕೊಟ್ಟಿದ್ದ ಅವಳ ಹೋದ ವರ್ಷದ ಉತ್ತರಪತ್ರಿಕೆಯ ಪ್ರತಿ ಬೀರುವಿನಲ್ಲೇ ಇತ್ತು. ತೆಗೆದು ನೋಡಿದಳು. ಯಂತ್ರದ ಎತ್ತರ ೧೦೧.೪೫೦, ತಲೆಕೆಳಗಿನ ಸ್ಟಾಫಿನ ಅಂಕಿ ೨.೩೦೦. ಗುಬ್ಬಿ ಕಳೆದು ತೊಲೆಯ ಎತ್ತರ ೯೯.೧೫೦ ಎಂದಿದ್ದಳು. ನೆಲವೇ ನೂರು ಮೀಟರಿನಲ್ಲಿತ್ತು. ಪಕ್ಕದಲ್ಲಿ ಮೇಷ್ಟ್ರ ಕೆಂಪು ಶಾಯಿ: 'ತೊಲೆ ನೆಲದೊಳಗೆ ಹೂತುಹೋಯಿತೇ?' ಆರು ಅಂಕಕ್ಕೆ ಸೊನ್ನೆ.

ಫೇಲಾದದ್ದು ನಾಲ್ಕು ಅಂಕದಲ್ಲಿ.

ಮನೆಗೆ ಹೋದರೂ ಅವಳ ಕಿವಿಯಲ್ಲಿ ಸೀಮೆಸುಣ್ಣದ ಸದ್ದೇ. ಒಂದು ಸುಳ್ಳು ಸಾಲು ಸಿಕ್ಕಿತು ಸರಿ, ಉಳಿದವು ಎಷ್ಟೋ? ತಾನು ಊಹಿಸಿ ಬರೆದದ್ದೂ ಮೇಷ್ಟ್ರು ಹೇಳಿದ್ದೂ ಪುಟದ ಮೇಲೆ ಒಂದೇ ಥರ ಕಾಣುತ್ತಿದ್ದವು. ಗುಬ್ಬಿ ಈಗಲೂ ಓದುತ್ತಿರುವುದು ಆ ಹಳೆಯ ಟಿಪ್ಪಣಿಗಳನ್ನೇ.

ಅವಳು ಎರಡನೇ ಸಲ ತರಕಾರಿಗೆ ಉಪ್ಪು ಹಾಕಲು ಹೋದಾಗ ಅತ್ತೆ ಡಬ್ಬಿಯನ್ನು ಕಸಿದುಕೊಂಡರು.

"ಹಾಕಿದೀಯೋ ಇಲ್ವೋ ಗೊತ್ತಿಲ್ದೆ ಇದ್ರೆ ರುಚಿ ನೋಡು, ಇಲ್ಲಾ ನನ್ನ ಕೇಳು. ಸುಮ್ನೆ ಇನ್ನೊಂದು ಚಮಚ ಸುರಿಯೋದಾ?"

"ಅದನ್ನೇ ಮಾಡಿದೀನಿ ಅತ್ತೆ" ಎಂದು ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದಳು.

ಅತ್ತೆ ಪೂರ್ತಿ ಕೇಳಿಸಿಕೊಂಡರು. ಅವರಿಗೆ ಸ್ಟಾಫೂ ಗೊತ್ತಿಲ್ಲ, ಲೆವೆಲ್ಲೂ ಗೊತ್ತಿಲ್ಲ. "ಎಷ್ಟು ಪಾಠ?" ಎಂದರು.

"ಹದಿನಾಲ್ಕು."

"ಎರಡು ದಿನ ಇದೆ. ನೀನು ಅಡುಗೆಮನೆ ಕಡೆ ತಲೆ ಹಾಕ್ಬೇಡ. ಹಾಕಿದ್ರೆ ಇನ್ನಷ್ಟು ಉಪ್ಪಾಗುತ್ತೆ." ಆಮೇಲೆ ಒಲೆ ಸಣ್ಣಗೆ ಮಾಡಿ, "ಆ ಹುಡುಗಿಗೆ ಹೇಳ್ತೀಯಲ್ಲ?"

"ಹೇಳಿದ್ರೆ ಕೆಲಸ ಹೋಗ್ಬಹುದು."

"ಹೋಗ್ಬಹುದು" ಎಂದರು ಅತ್ತೆ. ಹೋಗುವುದಿಲ್ಲ ಎಂದು ಸುಳ್ಳು ಸಮಾಧಾನ ಹೇಳಲಿಲ್ಲ. ಅದಕ್ಕಾಗಿ ಅವಳಿಗೆ ಅವರ ಮೇಲೆ ತುಂಬಾ ಅಕ್ಕರೆ ಬಂತು.

ಶನಿವಾರ, ಭಾನುವಾರ ಊಟದ ಮೇಜು ಅವಳದಾಯಿತು. ಕೆಲಸ ಹೀಗೆ: ಟಿಪ್ಪಣಿಯ ಒಂದು ಸಾಲು ತೆಗೆದುಕೊಳ್ಳುವುದು, ಎಡಗಡೆಯ ಸಮಯ ಹಿಡಿದು ಕಂಪ್ಯೂಟರಿನ ಬರಹದಲ್ಲಿ ಅದೇ ಜಾಗ ಹುಡುಕುವುದು, ಆ ಮಾತು ಅಲ್ಲಿದೆಯೇ ನೋಡುವುದು. ಇದ್ದರೆ ಮುಂದಕ್ಕೆ. ಇಲ್ಲದಿದ್ದರೆ ರೆಕಾರ್ಡಿಂಗನ್ನು ಐದು ಸೆಕೆಂಡು ಹಿಂದಕ್ಕೆ ತಂದು ನಿಧಾನಗತಿಯಲ್ಲಿ ಕೇಳುವುದು. ಅಲ್ಲೂ ಇಲ್ಲದಿದ್ದರೆ ಆ ಸಾಲು ತನ್ನದು. ನಾಲ್ಕನೇ ಪಾಠದಲ್ಲಿ ಅರ್ಧದಿಂದಾಚೆ ಒಂದೂ ಸಾಲು ಹೊಂದಲಿಲ್ಲ. ಕೊನೆಗೆ ನೋಡಿದರೆ ಆವತ್ತು ವಿರಾಮದಲ್ಲಿ ರೆಕಾರ್ಡರು ನಿಲ್ಲಿಸಿ ಮತ್ತೆ ಹಚ್ಚಿದ್ದರು. ಎರಡನೇ ಭಾಗದ ಸಮಯ ಸೊನ್ನೆಯಿಂದ ಶುರುವಾಗಿತ್ತು. 'ಭಾಗ ೨' ಎಂದು ಸೇರಿಸಿದ ಮೇಲೆ ಎಲ್ಲ ಸರಿಹೋಯಿತು. ಅತ್ತೆ ಚಹಾ ತಂದಿಡುತ್ತ, "ಎಷ್ಟು ಸುಳ್ಳು ಸಿಕ್ತು?" ಎಂದು ಕೇಳುವರು. "ಐದು", "ಏಳು", ಭಾನುವಾರ ಸಂಜೆಗೆ "ಒಂಬತ್ತು".

ಸೋಮವಾರ ಬೆಳಿಗ್ಗೆ ಗುಬ್ಬಿ ಕೋಣೆಗೆ ಬಂದಾಗ ಟಿಪ್ಪಣಿ ಅಕ್ಕ ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ಕುರ್ಚಿ ಎಳೆದುಕೊಂಡಳು. ತುಟಿ ಸರಿಯಾಗಿ ಕಾಣಬೇಕು. ಈ ಮಾತನ್ನು ಎರಡು ಸಲ ಹೇಳುವ ಶಕ್ತಿ ಇರಲಿಲ್ಲ.

"ಹೋದ ವರ್ಷ ತೊಲೆ ಲೆಕ್ಕ ತಪ್ಪಿದ್ದು ನಿನ್ನಿಂದಲ್ಲ, ನನ್ನಿಂದ. ಮೇಷ್ಟ್ರು ಹೇಳದೇ ಇದ್ದದ್ದನ್ನ ನಾನೇ ಬರೆದಿದ್ದೆ. ಗುರುತೂ ಹಾಕಿರಲಿಲ್ಲ. ಇನ್ನೂ ಎಂಟು ಕಡೆ ಹಾಗೇ ಮಾಡಿದೀನಿ."

ಗುಬ್ಬಿ ಚೀಲದಿಂದ ಹಳೆಯ ಟಿಪ್ಪಣಿಯ ಕಟ್ಟು ತೆಗೆದು ಮೇಜಿನ ಮೇಲಿಟ್ಟಳು. ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲಿನ ಚುಕ್ಕೆ, ಸಾಸಿವೆ ಕಾಳಿನಷ್ಟು.

"ಹನ್ನೊಂದಿದೆ ಅಕ್ಕಾ."

"ಏನು ಹನ್ನೊಂದು?"

"ಚುಕ್ಕೆ. ಫೇಲಾದ ಮೇಲೆ ಎಲ್ಲಾ ಕೂತು ಓದಿದೆ. ಮೇಷ್ಟ್ರು 'ಮುಟ್ಟಿಸಿ, ನೋಡಿ, ಬರ್ಕೊಳ್ಳಿ' ಅನ್ನೋರು. ನಡುವೆ ಎಲ್ಲೋ ಒಂದು ಕಡೆ ಇಸ್ತ್ರಿ ಮಾಡಿದ ಸಾಲು ಬರುತ್ತೆ. ಅವರು ಅಷ್ಟು ಚೆನ್ನಾಗಿ ಮಾತಾಡಲ್ಲ. ನೀವು ಮಾತಾಡ್ತೀರಿ."

ಟಿಪ್ಪಣಿ ಅಕ್ಕ ಕಟ್ಟನ್ನು ತನ್ನ ಕಡೆ ಎಳೆದುಕೊಂಡಳು. "ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಹೆದರ್ತೀರಿ. ಹೆದರಿ ಬಿಟ್ಟು ಹೋಗ್ತೀರಿ. ಆಮೇಲೆ ನಂಗ್ಯಾರು ಬರ್ಕೊಡ್ತಾರೆ? ಕಂಪ್ಯೂಟರು ಕೊಡೋ ಇಪ್ಪತ್ತು ಪುಟದಲ್ಲಿ ಅರ್ಧ ಮೇಷ್ಟ್ರ ಕೆಮ್ಮೇ ಇರುತ್ತೆ." ಗುಬ್ಬಿಯ ದನಿ ಮೆಟ್ಟಿಲಿನ ಮೇಲಿನವರಿಗೂ ಕೇಳುವಂತಿತ್ತು. "ಅದಕ್ಕೇ ಗೊತ್ತಾಗದ್ದನ್ನ ಹಾಗೇ ಬರೀರಿ ಅಂದೆ. ಬರೆದ್ರಿ. ಸಾಕಲ್ಲ?"

ಇಬ್ಬರೂ ತಲೆಗೆ ತಲೆ ಸೇರಿಸಿ ಎರಡು ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟರು. ಎಂಟು ಎರಡರಲ್ಲೂ ಇದ್ದವು. ಗುಬ್ಬಿಯ ಮಿಕ್ಕ ಮೂರು ಚುಕ್ಕೆಗಳಲ್ಲಿ ಎರಡು ನಿಜವಾಗಿ ಮೇಷ್ಟ್ರ ಮಾತೇ. ಅಂದು ಅವರು ಪುಸ್ತಕ ನೋಡಿ ಓದಿದ್ದರು. ಮೂರನೆಯದು, ಟಿಪ್ಪಣಿ ಅಕ್ಕ ಭಾನುವಾರವೂ ಹಿಡಿಯದೆ ಬಿಟ್ಟಿದ್ದ ಅವಳದೇ ಊಹೆ. ಅವಳ ಒಂಬತ್ತನೆಯದಕ್ಕೆ ಮಾತ್ರ ಗುಬ್ಬಿಯ ಚುಕ್ಕೆ ಇರಲಿಲ್ಲ. ಅದು ಒಂಬತ್ತನೇ ಪಾಠದ ಸಾಲು: 'ಯಂತ್ರ ಮುಂದಕ್ಕೆ ತಗೊಂಡ್ಹೋಗಿ, ಸ್ಟಾಫನ್ನೂ ಜೊತೆಗೇ ತಗೊಂಡ್ಹೋಗಿ.'

"ಇದು ಮೇಷ್ಟ್ರ ಥರಾನೇ ಇದೆಯಲ್ಲ ಅಕ್ಕಾ!"

"ಆವತ್ತು ಅವರ ಥರ ಬರೆಯೋಕೆ ಬಂದಿತ್ತೇನೋ. ರೆಕಾರ್ಡಿಂಗಲ್ಲಿ ಬರೀ 'ಯಂತ್ರ ಮುಂದಕ್ಕೆ ತಗೊಂಡ್ಹೋಗಿ, ಸ್ಟಾಫು' ಅಂತಿದೆ. ಆಮೇಲೆ ಯಾರೋ ಬೆಂಚು ಎಳೆದ ಸದ್ದು."

"ಇದನ್ನ ನಾನು ಬಾಯಿಪಾಠ ಮಾಡ್ಕೊಂಡಿದೀನಿ" ಎಂದಳು ಗುಬ್ಬಿ. ಮೊದಲ ಬಾರಿಗೆ ಅವಳ ದನಿ ಸಣ್ಣದಾಗಿತ್ತು.

ಮಧ್ಯಾಹ್ನ ಇಬ್ಬರೂ ಸರ್ವೆ ಮೇಷ್ಟ್ರ ಕೋಣೆಯ ಬಾಗಿಲಲ್ಲಿ ನಿಂತರು. ಟಿಪ್ಪಣಿ ಅಕ್ಕನ ಕೈಯಲ್ಲಿ ಒಂದು ಹಾಳೆ: ಹತ್ತು ಸಾಲು, ಪ್ರತಿಯೊಂದರ ಮುಂದೆ ಪಾಠದ ಸಂಖ್ಯೆ, ನಿಮಿಷ, ಸೆಕೆಂಡು, ರೆಕಾರ್ಡಿಂಗಿನಲ್ಲಿ ಇರುವ ಮಾತು, ತಾನು ಸೇರಿಸಿದ ಮಾತು, ಪ್ರಶ್ನೆ. ಮೇಷ್ಟ್ರು ಲೆವೆಲ್ಲಿನ ಗಾಜು ಒರೆಸುತ್ತಿದ್ದರು.

"ಕ್ಲಾಸಲ್ಲಿ ಹೇಳಿದೀನಲ್ಲಮ್ಮ" ಎಂದು ಶುರುಮಾಡಿದರು.

"ಹತ್ತು ಕಡೆ ಹೇಳಿಲ್ಲ ಸರ್" ಎಂದಳು ಟಿಪ್ಪಣಿ ಅಕ್ಕ. ತನ್ನ ಬಾಯಿಂದ ಬಂದ ಮಾತಿಗೆ ತಾನೇ ಬೆಚ್ಚಿದಳು. "ಅಂದ್ರೆ, ಬೋರ್ಡ್ ಮೇಲೆ ಬರೆದಿದೀರಿ. ರೆಕಾರ್ಡರಿಗೆ ಬೋರ್ಡು ಕಾಣಲ್ಲ. ನಾನು ಕೇಳ್ಬೇಕಿತ್ತು, ಕೇಳದೆ ನಾನೇ ತುಂಬಿಸ್ದೆ. ತಪ್ಪು ನನ್ನದು."

ಮೇಷ್ಟ್ರು ಹಾಳೆ ತೆಗೆದುಕೊಂಡರು. ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ಓದಿದರು. ತೊಲೆಯ ಸಾಲಿಗೆ ಬಂದಾಗ ಗುಬ್ಬಿಯ ಕಡೆ ನೋಡಿದರು. "ಆ ಕೆಂಪು ಶಾಯಿ ತಮಾಷೆ ನಾನೇ ಬರೆದಿದ್ದು ಅಲ್ವೇ?"

"ಹೌದು ಸರ್. ತೊಲೆ ನೆಲದೊಳಗೆ."

"ಹೂತಿದ್ದು ನಾನೇ ಅನ್ನು." ಕುರ್ಚಿ ತಿರುಗಿಸಿ ಅವಳಿಗೆ ಸರಿಯಾಗಿ ಮುಖ ಕೊಟ್ಟು ಕೂತರು. ಒಂದೊಂದೇ ಸಾಲಿಗೆ ಉತ್ತರ ಹೇಳಿದರು, ನಿಧಾನವಾಗಿ, ತುಟಿ ಬಿಡಿಸಿ. ಎಂಟು ಊಹೆಗಳು ಸರಿಯಾಗಿಯೇ ಇದ್ದವು. ತೊಲೆಯದು ತಪ್ಪು. ಒಂಬತ್ತನೇ ಪಾಠದ್ದು ಬಂದಾಗ ಹಣೆ ಗಂಟಿಕ್ಕಿದರು.

"ಅಯ್ಯೋ, ಇದು ಮಾತ್ರ ದೊಡ್ಡ ಅನಾಹುತ. ಯಂತ್ರ ಒಯ್ಯುವಾಗ ಸ್ಟಾಫು ಅಲ್ಲಾಡಬಾರದು. ಅದೇ ಜಾಗದಲ್ಲಿ ನಿಂತಿರಬೇಕು. ಹಳೇ ಜಾಗದಿಂದ ಅದನ್ನ ಕೊನೇ ಸಲ ನೋಡ್ತೀವಿ, ಹೊಸ ಜಾಗದಿಂದ ಅದನ್ನೇ ಮೊದಲನೇ ಸಲ ನೋಡ್ತೀವಿ. ಎರಡು ಅಳತೇನೂ ಕೂಡಿಸೋ ಕೊಂಡಿ ಅದೊಂದೇ. ಅದು ಅಲ್ಲಾಡ್ತೋ, ಮುಂದಿನ ಲೆಕ್ಕ ಎಲ್ಲಾ ನೀರುಪಾಲು."

ಟಿಪ್ಪಣಿ ಅಕ್ಕ ತನ್ನ ಸಾಲನ್ನು ಅಳಿಸಲು ರಬ್ಬರು ತೆಗೆದಳು. ಮೇಷ್ಟ್ರು ಕೈ ಅಡ್ಡ ಹಿಡಿದರು.

"ನಮ್ಮ ಫೀಲ್ಡ್ ಬುಕ್ಕಲ್ಲಿ ಅಳಿಸೋ ಹಾಗಿಲ್ಲಮ್ಮ. ತಪ್ಪಿದ ಅಂಕಿ ಮೇಲೆ ಒಂದು ಗೀಟು, ಪಕ್ಕದಲ್ಲಿ ಸರಿ ಅಂಕಿ. ಏನು ತಪ್ಪಿತ್ತು ಅಂತ ನಾಳೆ ಬಂದೋನಿಗೂ ಕಾಣ್ಬೇಕು."

ಅವಳು ಗೀಟು ಹಾಕಿದಳು. ಹಾಳೆಯನ್ನು ವಾಪಸು ಕೊಡುವಾಗ ಮೇಷ್ಟ್ರು ಅದರ ಎಡಗಡೆಯನ್ನು ಬೆರಳಿನಿಂದ ತಟ್ಟಿದರು. "ನಾನು ಯಾವ ನಿಮಿಷದಲ್ಲಿ ಬಾಯಿ ಮುಚ್ಕೊಂಡೆ ಅನ್ನೋದನ್ನೂ ಬರೆದಿಟ್ಟಿದೀರಲ್ಲ. ನನ್ನ ಹೆಂಡತೀಗೆ ಮಾತ್ರ ತೋರಿಸಬೇಡಿ, ಅಂಥ ನಿಮಿಷ ಇದೆ ಅಂತ ಅವಳು ನಂಬಲ್ಲ."

ಬುಧವಾರ ಮಧ್ಯಾಹ್ನ ಟಿಪ್ಪಣಿ ಅಕ್ಕನಿಗೆ ಕೋಣೆಯಲ್ಲಿ ಕೂರಲಾಗಲಿಲ್ಲ. ಮೊದಲ ಮಹಡಿಯ ಕಿಟಕಿಗೆ ಹೋಗಿ ನಿಂತಳು. ಕೆಳಗೆ ಮೈದಾನ. ಮೂರು ಕಾಲಿನ ಮೇಲೆ ಲೆವೆಲ್ಲು, ಅದರ ಹಿಂದೆ ಗುಬ್ಬಿ. ದೂರದಲ್ಲಿ ಸ್ಟಾಫ್ ಹಿಡಿದು ನಿಂತಿದ್ದವನು ಉಪಕರಣಗಳ ಉಗ್ರಾಣದ ಕಾವಲುಗಾರ. ಹೊರಗಿನಿಂದ ಬಂದ ಪರೀಕ್ಷಕರು ಮರದ ನೆರಳಲ್ಲಿ. ಬೆಳಗಿನ ಪ್ರಶ್ನೆಪತ್ರಿಕೆಯಲ್ಲಿ ತೊಲೆಯ ಲೆಕ್ಕ ಬಂದಿರಲೇ ಇಲ್ಲವೆಂದು ಗುಬ್ಬಿ ಊಟದ ಹೊತ್ತಿಗೆ ಬೇಜಾರಿನಲ್ಲಿ ಹೇಳಿ ಹೋಗಿದ್ದಳು: "ಕಾಯ್ಕೊಂಡಿದ್ದೆ ಅಕ್ಕಾ, ಬರ್ಲೇ ಇಲ್ಲ!"

ಗುಬ್ಬಿ ದುರ್ಬೀನಿನಲ್ಲಿ ನೋಡಿದಳು, ಬರೆದುಕೊಂಡಳು. ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ಮುಂದಕ್ಕೆ ನಡೆದಳು. ಕಾವಲುಗಾರನಿಗೆ ಬಿಸಿಲು ಹೆಚ್ಚಾಗಿತ್ತೇನೋ, ಅವನೂ ಸ್ಟಾಫನ್ನು ನೆಲದಿಂದ ಎತ್ತಲು ಹೋದ. ಕಿಟಕಿಯಲ್ಲಿ ನಿಂತವಳು ಸರಳು ಹಿಡಿದುಕೊಂಡಳು. ಇಲ್ಲಿಂದ ಕೂಗಿದರೂ ಗುಬ್ಬಿಗೆ ಕೇಳುವುದಿಲ್ಲ.

ಗುಬ್ಬಿ ನಡೆಯುತ್ತಲೇ ತಿರುಗಿ ನೋಡಿದಳು. ಬಲಗೈ ಎತ್ತಿ ಅಂಗೈ ತೋರಿಸಿದಳು.

"ಅಲ್ಲೇ ನಿಲ್ಲಿ ಅಣ್ಣಾ! ಅಲ್ಲಾಡ್ಬೇಡಿ!"

ಆ ದನಿ ಮೈದಾನ ದಾಟಿ, ಮೊದಲ ಮಹಡಿ ಹತ್ತಿ, ಕಿಟಕಿಯ ಗಾಜಿಗೂ ಬಡಿಯಿತು. ಕಾವಲುಗಾರ ಕಂಬದ ಹಾಗೆ ನಿಂತ. ಪರೀಕ್ಷಕರು ತಲೆ ಎತ್ತಿ ನೋಡಿ ಏನೋ ಬರೆದುಕೊಂಡರು. ಟಿಪ್ಪಣಿ ಅಕ್ಕ ಕಿಟಕಿಯ ಸರಳು ಹಿಡಿದುಕೊಂಡೇ ಇದ್ದಳು. ಯಾರಿಗೆ ಋಣಿಯಾಗಬೇಕೆಂದು ಎಣಿಸತೊಡಗಿದರೆ ಅತ್ತೆಯ ಉಪ್ಪಿನ ಡಬ್ಬಿಯಿಂದಲೇ ಶುರುಮಾಡಬೇಕಿತ್ತು.

ಹನ್ನೆರಡು ದಿನಕ್ಕೆ ಫಲಿತಾಂಶ ಬಂತು. ಗುಬ್ಬಿಗೆ ಅರವತ್ತೊಂದು ಅಂಕ. ಬಾಗಿಲನ್ನು ಗೋಡೆಗೆ ಬಡಿದು ಒಳಗೆ ಬಂದವಳು ಅಂಕಪಟ್ಟಿಯನ್ನು ಟಿಪ್ಪಣಿ ಅಕ್ಕನ ಮೂಗಿನ ಹತ್ತಿರ ಹಿಡಿದು, "ಇದಕ್ಕೆ ಗುರುತು ಹಾಕೋದೇನೂ ಇಲ್ಲ ತಾನೇ?" ಎಂದು ಕಿರುಚಿದಳು. ಮೇಲಿನಿಂದ ಯಾರೋ ಮೆಟ್ಟಿಲನ್ನು ಕುಟ್ಟಿ, ಸದ್ದು ಮಾಡಬೇಡಿ ಎಂದರು. ಗುಬ್ಬಿಗೆ ಅದು ಕೇಳಿಸಲಿಲ್ಲ, ಟಿಪ್ಪಣಿ ಅಕ್ಕ ಹೇಳಲೂ ಇಲ್ಲ.

ಅವಳು ಹೋದ ಮೇಲೆ ಟಿಪ್ಪಣಿ ಅಕ್ಕ ಹೊಸ ರೆಕಾರ್ಡಿಂಗು ಹಚ್ಚಿದಳು. ಸರ್ವೆ ಮೇಷ್ಟ್ರದ್ದೇ, ಹದಿಮೂರನೇ ಪಾಠ. ಹಾಜರಿ, ಕೆಮ್ಮು, ಎಲ್ಲಿದ್ದೆ ನಾನು. ಆರು ನಿಮಿಷ ಇಪ್ಪತ್ತು ಸೆಕೆಂಡಿಗೆ ಸೀಮೆಸುಣ್ಣದ ಸದ್ದು. "ಇದನ್ನ ಹೀಗೆ ಬರೀಬೇಕು" ಎಂದರು ಮೇಷ್ಟ್ರು. ಅವಳ ಕೈ ತಾನಾಗಿಯೇ ಮೂರನೇ ಅಂಕಣಕ್ಕೆ ಹೋಗಿ ಗುರುತು ಹಾಕಿತು.

ಆಮೇಲೆ ರೆಕಾರ್ಡಿಂಗಿನಲ್ಲಿ ಒಂದು ಸಣ್ಣ ಮೌನ. ಬೂಟು ತಿರುಗಿದ ಸದ್ದು. ಮೇಷ್ಟ್ರ ದನಿ ಹತ್ತಿರಕ್ಕೆ ಬಂತು, ಗದ್ದವನ್ನು ಎದೆಗೆ ಬಾಗಿಸಿ ಮಾತಾಡಿದ ಹಾಗೆ.

"ಟಿಪ್ಪಣಿಯವರೇ, ಇಲ್ಲಿ ಬೋರ್ಡ್ ಮೇಲೆ ನಾನು ಒಂದು ತ್ರಿಕೋನ ಬರೆದಿದೀನಿ. ಬುಡದಲ್ಲಿ ಅ, ಬ. ತುದೀಲಿ ಕ. ಅ-ಬ ಮೂವತ್ತು ಮೀಟರು." ಹಿಂದಿನ ಬೆಂಚಿನಿಂದ ನಗು. "ನಗಬೇಡ್ರೋ, ಬರ್ಕೊಳ್ಳಿ."

ಅವಳು ತ್ರಿಕೋನ ಬರೆದಳು. ಆರು ನಿಮಿಷ ಇಪ್ಪತ್ತಾರು ಸೆಕೆಂಡು ಎಂದು ಎಡಗಡೆ ಹಾಕಿದಳು. ಮೂರನೇ ಅಂಕಣದ ಗುರುತನ್ನು ಅಳಿಸದೆ ಅದರ ಮೇಲೊಂದು ಗೀಟು ಎಳೆದಳು. ಎಲ್ಲವೂ ಸ್ಪಷ್ಟವಾಗಿಯೇ ಇತ್ತು, ಮತ್ತೆ ಕೇಳುವ ಅಗತ್ಯವೇನೂ ಇರಲಿಲ್ಲ. ಆದರೂ ಹತ್ತು ಸೆಕೆಂಡು ಹಿಂದಕ್ಕೆ ಹೋಗಿ ಇನ್ನೊಂದು ಸಲ ಹಚ್ಚಿದಳು.